ಶಿವಮೊಗ್ಗ–ಸಿಯಾಟಲ್ ತಂಡ: ಓವರ್‌ಲ್ಯಾಪ್ ಬೆಳಗ್ಗೆ ಇಡೋದೋ, ರಾತ್ರಿ ಇಡೋದೋ?

ಅರ್ಧ ತಂಡ ಶಿವಮೊಗ್ಗದಲ್ಲಿ, ಇನ್ನರ್ಧ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ. ಇಂಥ ತಂಡ ನೋಡಿಕೊಳ್ಳುವವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಎರಡೂ ಕಡೆಯವರು ಒಟ್ಟಿಗೆ ಆನ್‌ಲೈನ್ ಇರಬೇಕಾದ ಹೊತ್ತನ್ನು ಪಾಲಿಸಿಯಲ್ಲಿ ಬರೆಯಬೇಕು. ಯಾವ ಹೊತ್ತು ಅಂತ ಬರೆಯೋದು? ನಮ್ಮ ರಾತ್ರಿಯೋ, ನಮ್ಮ ಬೆಳಗ್ಗೆಯೋ, ಮೂರು ತಿಂಗಳು ಅದು ಮೂರು ತಿಂಗಳು ಇದೋ, ಅಥವಾ ವಾರಕ್ಕೆ ಎರಡೇ ದಿನವೋ?

ಹೆಚ್ಚಿನ ಕಂಪನಿಗಳು ಯೋಚಿಸದೆ ರಾತ್ರಿ ಅಂತ ಬರೆದುಬಿಡುತ್ತವೆ. ಅಲ್ಲಿಯವರಿಗೆ ಬೆಳಗಿನ ಕಾಫಿ ಹೊತ್ತು, ಇಲ್ಲಿಯವರು ಊಟ ಮುಗಿಸಿ ಕೂತರೆ ಆಯ್ತು ಅನ್ನೋ ಲೆಕ್ಕ. ಕೆಲವು ತಂಡಗಳಿಗೆ ಅದು ಸರಿಯೇ. ಬಹಳಷ್ಟು ತಂಡಗಳಿಗೆ ಸರಿಯಲ್ಲ ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಒಂದು ತಂಡವನ್ನೇ ಉದಾಹರಣೆಗೆ ಇಟ್ಟುಕೊಂಡು ನೋಡೋಣ. ಸಿಯಾಟಲ್‌ನಲ್ಲಿ ನಾಲ್ಕು ಜನ, ನಮ್ಮ ಕಡೆ ಐದು ಜನ. ಐವರಲ್ಲಿ ಮೂವರು ವಿನೋಬನಗರದ ಆಫೀಸಿಗೆ ಬರುತ್ತಾರೆ. ಒಬ್ಬರು ಸಾಗರದ ಮನೆಯಿಂದ, ಇನ್ನೊಬ್ಬರು ತೀರ್ಥಹಳ್ಳಿ ಹತ್ತಿರದ ಅಡಿಕೆ ತೋಟದ ಮನೆಯಿಂದ ಕೆಲಸ ಮಾಡುತ್ತಾರೆ. ಏನು ಬೇಕು ಅಂತ ಸಿಯಾಟಲ್‌ನವರು ಹೇಳುತ್ತಾರೆ, ಸಾಫ್ಟ್‌ವೇರ್ ಕಟ್ಟೋದು ಇಲ್ಲಿಯವರು.

ಮೊದಲು ಗಡಿಯಾರ

ಭಾರತದ ಸಮಯ ವರ್ಷವಿಡೀ ಒಂದೇ, ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಸಿಯಾಟಲ್ ಹಾಗಲ್ಲ. ಮಾರ್ಚ್‌ನ ಎರಡನೇ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಮತ್ತೆ ಹಿಂದಿಡುತ್ತಾರೆ. 2026ರಲ್ಲಿ ಆ ದಿನಗಳು ಮಾರ್ಚ್ 8 ಮತ್ತು ನವೆಂಬರ್ 1. ಹಾಗಾಗಿ ಅವರ ಬೇಸಿಗೆ ಸಮಯದಲ್ಲಿ ನಮಗೂ ಅವರಿಗೂ ಹನ್ನೆರಡೂವರೆ ಗಂಟೆ ಅಂತರ, ಚಳಿಗಾಲದಲ್ಲಿ ಹದಿಮೂರೂವರೆ.

ಇದರ ಅರ್ಥ ಏನು ಅಂತ ಒಂದು ಲೆಕ್ಕ ಹಾಕಿ ನೋಡಿ. ಬೆಳಗ್ಗೆ 8ರಿಂದ ಸಂಜೆ 7ರ ತನಕ ಯಾರಿಗೂ ತೊಂದರೆ ಇಲ್ಲದ ಹೊತ್ತು ಅಂದುಕೊಳ್ಳೋಣ. ಬೇಸಿಗೆ ಸಮಯದಲ್ಲಿ ಸಿಯಾಟಲ್‌ನ ಆ ಹೊತ್ತು ನಮಗೆ ರಾತ್ರಿ 8:30ರಿಂದ ಬೆಳಗ್ಗೆ 7:30. ಅಂದರೆ ಎರಡೂ ಕಡೆಗೆ ಆರಾಮಾದ ಒಂದು ನಿಮಿಷವೂ ಸಿಗೋದಿಲ್ಲ. ಆದರೆ ಎರಡು ತುದಿಯಲ್ಲಿನ ಕೊರತೆ ಸಮ ಇಲ್ಲ ನೋಡಿ. ನಮ್ಮ ಸಂಜೆ 7ಕ್ಕೂ ಅವರ ದಿನ ಶುರುವಾಗೋದಕ್ಕೂ ನಡುವೆ ಒಂದೂವರೆ ಗಂಟೆ ಇದೆ. ಅವರ ದಿನ ಮುಗಿಯೋದಕ್ಕೂ ನಮ್ಮ ಬೆಳಗಿನ 8ಕ್ಕೂ ನಡುವೆ ಬರೀ ಅರ್ಧ ಗಂಟೆ. ಚಳಿಗಾಲದಲ್ಲಿ ಇದು ಇನ್ನೂ ಬದಲಾಗುತ್ತದೆ. ಸಂಜೆ ಕಡೆಯ ಕೊರತೆ ಎರಡೂವರೆ ಗಂಟೆಗೆ ಏರುತ್ತದೆ, ಬೆಳಗಿನ ಕಡೆ ಅರ್ಧ ಗಂಟೆ ನಿಜವಾಗಿಯೂ ಕೂಡುತ್ತದೆ. ಬರೀ ಗಡಿಯಾರ ನೋಡಿದರೆ ಬೆಳಗ್ಗೆಯೇ ಅಗ್ಗ.

ಯಾವುದನ್ನು ನೋಡಿ ಆರಿಸೋದು

ಗಡಿಯಾರ ಒಂದೇ ಸಾಕಾಗೋದಿಲ್ಲ. ನಾನು ಮುಖ್ಯವಾಗಿ ಮೂರು ವಿಷಯ ನೋಡುತ್ತೇನೆ.

ಮೊದಲನೆಯದು, ಕೆಲಸ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಅನ್ನೋದು. ಬೆಳಗಿನ ಓವರ್‌ಲ್ಯಾಪ್ ಸಿಯಾಟಲ್‌ನ ದಿನದ ಕೊನೆ, ಶಿವಮೊಗ್ಗದ ದಿನದ ಶುರು. ಅಲ್ಲಿಯವರು ಹೇಳಬೇಕಾದ್ದು ಹೇಳಿ ಮಲಗುತ್ತಾರೆ, ಇಲ್ಲಿಯವರು ಅನುಮಾನ ಬಗೆಹರಿಸಿಕೊಂಡು ಇಡೀ ದಿನ ಕೆಲಸ ಮಾಡುತ್ತಾರೆ. ರಾತ್ರಿಯದು ತಿರುಗಾಮುರುಗಾ. ಇಲ್ಲಿಯವರು ಮಾಡಿದ್ದನ್ನು ಒಪ್ಪಿಸಿ ಮಲಗುತ್ತಾರೆ, ಅಲ್ಲಿಯವರು ಅದನ್ನು ಹಿಡಿದುಕೊಂಡು ದಿನ ಶುರು ಮಾಡುತ್ತಾರೆ. ಹೇಳುವವರು ಅಲ್ಲಿ, ಕಟ್ಟುವವರು ಇಲ್ಲಿ ಇದ್ದರೆ ಬೆಳಗ್ಗೆ ಒಳ್ಳೆಯದು. ಇಲ್ಲಿ ಕಟ್ಟಿದ್ದನ್ನು ಅಲ್ಲಿಯವರು ಪರೀಕ್ಷೆ ಮಾಡಿ ಅದೇ ದಿನ ಗ್ರಾಹಕರಿಗೆ ಕೊಡಬೇಕಿದ್ದರೆ ರಾತ್ರಿ ಒಳ್ಳೆಯದು. ಮೂರರಲ್ಲಿ ಇದೇ ಜಾಸ್ತಿ ತೂಕದ್ದು, ಇದನ್ನೇ ಯಾರೂ ಕೇಳೋದಿಲ್ಲ.

ತಪ್ಪು ಆರಿಸಿದರೆ ಏನಾಗುತ್ತದೆ ಅಂತ ನಮ್ಮ ತಂಡದಲ್ಲೇ ನೋಡಿ. ಸಾಗರದವರಿಗೆ ಮಂಗಳವಾರ ಬೆಳಗ್ಗೆ 11ಕ್ಕೆ ಒಂದು ಅನುಮಾನ ಬಂತು. ಬಿಲ್‌ನಲ್ಲಿ ರಿಯಾಯಿತಿಯನ್ನು ತೆರಿಗೆಗೆ ಮೊದಲು ಕಳೆಯಬೇಕೋ, ಆಮೇಲೋ? ಸಿಯಾಟಲ್‌ನಲ್ಲಿ ಆಗ ಸೋಮವಾರ ರಾತ್ರಿ 10:30. ಅಲ್ಲಿಯವರು ಮಂಗಳವಾರ ಬೆಳಗ್ಗೆ 9ಕ್ಕೆ ಉತ್ತರ ಬರೆದಾಗ ನಮಗೆ ರಾತ್ರಿ 9:30. ಸಾಗರದವರು ಅದನ್ನು ನೋಡೋದು ಬುಧವಾರ. "ಮೊದಲು ಕಳೀರಿ" ಅಂತ ಇದೆ. ಹಾಗಾದರೆ ವಾಪಸ್ ಬಂದ ಸರಕಿಗೆ? ಇದಕ್ಕೆ ಉತ್ತರ ಗುರುವಾರ. ಐದು ನಿಮಿಷದ ಮಾತಿಗೆ ಎರಡು ದಿನ. ಬೆಳಗಿನ ಓವರ್‌ಲ್ಯಾಪ್ ಇದ್ದಿದ್ದರೆ ಬುಧವಾರ ಬೆಳಗ್ಗೆಯೇ ಎರಡೂ ಪ್ರಶ್ನೆ ಒಂದೇ ಕಾಲ್‌ನಲ್ಲಿ ಮುಗಿದು, 9ಕ್ಕೆ ಕೆಲಸ ಶುರುವಾಗುತ್ತಿತ್ತು.

ನಿಮ್ಮ ತಂಡದಲ್ಲಿ ಹರಿವು ಯಾವ ಕಡೆ ಅಂತ ತಿಳಿಯೋದು ಸುಲಭ. ಹೋದ ಎರಡು ವಾರದ ಟಿಕೆಟ್‌ಗಳನ್ನು ತೆಗೆದು, ಉತ್ತರಕ್ಕೆ ಕಾಯುತ್ತಾ ಒಂದು ದಿನಕ್ಕಿಂತ ಜಾಸ್ತಿ ನಿಂತವನ್ನು ಬೇರೆ ಮಾಡಿ. ಪ್ರತಿಯೊಂದರ ಮುಂದೆ ಕಾದವರು ಇಲ್ಲಿಯವರೋ ಅಲ್ಲಿಯವರೋ ಅಂತ ಬರೆಯಿರಿ. ಯಾವ ಕಡೆ ಜಾಸ್ತಿ ಕಾದಿದೆಯೋ, ಓವರ್‌ಲ್ಯಾಪ್ ಆ ಕಡೆಯವರ ದಿನದ ಶುರುವಿಗೆ ಬರಬೇಕು.

ಎರಡನೆಯದು, ಆ ಹೊತ್ತಿನಲ್ಲಿ ಮನೆಯಲ್ಲಿ ಏನು ನಡೆಯುತ್ತಿರುತ್ತದೆ ಅನ್ನೋದು. ಮೂರನೆಯದು ನಮ್ಮ ಮಲೆನಾಡಿಗೇ ಸೇರಿದ್ದು, ಕರೆಂಟು ಮತ್ತು ನೆಟ್. ಇವೆರಡನ್ನೂ ಒಂದೊಂದು ಆಯ್ಕೆಯ ಜೊತೆಗೇ ನೋಡೋಣ.

ರಾತ್ರಿ: 8:30ರಿಂದ 10

ಬೇಸಿಗೆ ಸಮಯದಲ್ಲಿ ಇದು ಸಿಯಾಟಲ್‌ನ ಬೆಳಗ್ಗೆ 8ರಿಂದ 9:30. ಈ ಆಯ್ಕೆಯ ನಿಜವಾದ ಲಾಭ ವಾರದ ದಿನಗಳಲ್ಲಿದೆ. ನಮ್ಮ ಸೋಮವಾರ ರಾತ್ರಿ ಅವರಿಗೂ ಸೋಮವಾರವೇ, ನಮ್ಮ ಶುಕ್ರವಾರ ಅವರಿಗೂ ಶುಕ್ರವಾರ. ಐದಕ್ಕೆ ಐದೂ ದಿನ ಸಿಗುತ್ತವೆ. ಅಲ್ಲಿನ ಗ್ರಾಹಕರ ಜೊತೆ ಇಲ್ಲಿಯವರೇ ಮಾತಾಡಬೇಕಿದ್ದರೆ ಬೇರೆ ದಾರಿಯೂ ಇಲ್ಲ.

ತೊಂದರೆ ಪೂರ್ತಿ ನಮ್ಮ ಕಡೆಗೇ ಬೀಳುತ್ತದೆ. ಅದೂ ನವೆಂಬರ್‌ನಲ್ಲಿ ದೊಡ್ಡದಾಗುತ್ತದೆ. ಅವರ 8 ಗಂಟೆಗೆ ಕಟ್ಟುಬಿದ್ದರೆ ಚಳಿಗಾಲದಲ್ಲಿ ನಮಗೆ 9:30ರಿಂದ 11. ತೀರ್ಥಹಳ್ಳಿಯ ಮನೆಯಲ್ಲಿ ಅದೇ ಅಡಿಕೆ ಕೊಯ್ಲಿನ ಕಾಲ. ರಾತ್ರಿ ಊಟ ಆದಮೇಲೆ ಜಗಲಿಯಲ್ಲಿ ಎಲ್ಲರೂ ಅಡಿಕೆ ಸುಲಿಯಲು ಕೂರುತ್ತಾರೆ, ಮಾತು ನಗು ಜೋರಾಗಿರುತ್ತದೆ. ಮನೆಯ ಮಗಳು ಮಾತ್ರ ಒಳಗೆ ಬಾಗಿಲು ಹಾಕಿಕೊಂಡು ಮೀಟಿಂಗ್‌ನಲ್ಲಿ. ಬೆಳಗ್ಗೆ ಐದಕ್ಕೆ ಅಡಿಕೆ ಬೇಯಿಸುವ ಒಲೆ ಹೊತ್ತಿದರೆ ಅವರೂ ಎದ್ದಿರಲೇಬೇಕು. ಇಂಥವರಿಗೆ ಹನ್ನೊಂದರ ತನಕ ಕೂತಿರಿ ಅಂದರೆ ನಿದ್ದೆಯಿಂದಲೇ ಕಡಿತ ಆಗೋದು.

ಆಫೀಸಿಗೆ ಬರುವವರ ಕಥೆ ಬೇರೆ. ರಾತ್ರಿ ಹತ್ತರ ಮೇಲೆ ಮನೆಗೆ ಬಿಡಲು ಗಾಡಿ ಬೇಕು. ಹೆಣ್ಣುಮಕ್ಕಳ ರಾತ್ರಿ ಕೆಲಸಕ್ಕೆ ರಾಜ್ಯದ ಕಾನೂನಿನಲ್ಲಿ ಒಪ್ಪಿಗೆ, ಸಾರಿಗೆ, ಸುರಕ್ಷತೆಯ ಷರತ್ತುಗಳಿವೆ. ಪಾಲಿಸಿಗೆ ಸಹಿ ಹಾಕುವ ಮೊದಲು ಕಾರ್ಮಿಕ ಕಾನೂನು ಗೊತ್ತಿರುವವರಿಗೆ ತೋರಿಸಿ. ಖರ್ಚಿನ ಲೆಕ್ಕದಲ್ಲಿ ಗಾಡಿ, ಊಟ, ರಾತ್ರಿ ಭತ್ಯೆ ಮೂರನ್ನೂ ಸೇರಿಸಿ. ಇವು ಬಿಟ್ಟುಹೋದಾಗಲೇ ರಾತ್ರಿ ಅಗ್ಗ ಅಂತ ಕಾಣೋದು.

ಇನ್ನು ಕರೆಂಟು. ಏಪ್ರಿಲ್–ಮೇನಲ್ಲಿ ನಮ್ಮಲ್ಲಿ ಗುಡುಗು ಮಳೆ ಬರೋದು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ, ಸಂಜೆಗೆ. ಗಾಳಿಗೆ ಮರದ ಕೊಂಬೆ ಲೈನ್ ಮೇಲೆ ಬಿದ್ದರೆ ಲೈನ್‌ಮನ್ ಬಂದು ಸರಿ ಮಾಡೋದು ಬೆಳಕು ಹರಿದ ಮೇಲೆ. ಅಷ್ಟರಲ್ಲಿ ರಾತ್ರಿಯ ಮೀಟಿಂಗ್ ಹೋಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಯಾವ ಹೊತ್ತೂ ನಂಬುವಂತಿಲ್ಲ. ಆದರೂ ಬೆಳಗ್ಗೆ ಕರೆಂಟು ಹೋದರೆ ಸಾಗರದವರು ಪೇಟೆಯಲ್ಲಿರುವ ನೆಂಟರ ಮನೆಗಾದರೂ ಹೋಗಿ ಕೂರಬಹುದು. ರಾತ್ರಿ ಆ ಮಳೆಯಲ್ಲಿ ಎಲ್ಲಿಗೆ ಹೋಗೋದು?

ಬೆಳಗ್ಗೆ: 7ರಿಂದ 8:30

ಸಿಯಾಟಲ್‌ನಲ್ಲಿ ಇದು ಹಿಂದಿನ ದಿನದ ಸಂಜೆ. ಬೇಸಿಗೆ ಸಮಯದಲ್ಲಿ 6:30ರಿಂದ 8, ಚಳಿಗಾಲದಲ್ಲಿ 5:30ರಿಂದ 7. ತೊಂದರೆ ಎರಡೂ ಕಡೆ ಹಂಚಿಹೋಗುತ್ತದೆ. ನಮ್ಮವರು ಸ್ವಲ್ಪ ಬೇಗ ಏಳಬೇಕು. ಮಲೆನಾಡಿನ ಮನೆಗಳಲ್ಲಿ ಏಳಕ್ಕೆ ತಿಂಡಿಯ ಗಡಿಬಿಡಿ ಶುರುವಾಗಿಯೇ ಇರುತ್ತದೆ, ಹಾಲು ಕರೆದಾಗಿರುತ್ತದೆ. ಮಕ್ಕಳ ಸ್ಕೂಲ್ ವ್ಯಾನ್ ಬೇಗ ಬರುವ ಮನೆಯಲ್ಲಿ ಮಾತ್ರ ಕಷ್ಟ. ಅಂಥವರು ಒಬ್ಬಿಬ್ಬರಿದ್ದರೆ ಅವರ ಮಾತು ಮೊದಲ ಮುಕ್ಕಾಲು ಗಂಟೆಯಲ್ಲಿ ಮುಗಿಯುವ ಹಾಗೆ ಜೋಡಿಸಬಹುದು.

ಸಿಯಾಟಲ್‌ನವರಿಗೆ ಇದು ಊಟದ ಹೊತ್ತು, ಚಿಕ್ಕ ಮಕ್ಕಳನ್ನು ಮಲಗಿಸುವ ಹೊತ್ತು. ಹಾಗಾಗಿ ಅವರು ಒಪ್ಪಬೇಕಾದರೆ ಬದಲಿಗೆ ಏನಾದರೂ ಸಿಗಲೇಬೇಕು. ಓವರ್‌ಲ್ಯಾಪ್ ಇರುವ ದಿನ ಅವರು ಮಧ್ಯಾಹ್ನ 3:30ಕ್ಕೆ ಕೆಲಸ ನಿಲ್ಲಿಸಲಿ, ಸಂಜೆ ಒಂದೂವರೆ ಗಂಟೆ ಮತ್ತೆ ಕೂರಲಿ. ನಮ್ಮವರು ಏಳಕ್ಕೆ ಶುರು ಮಾಡಿದ ದಿನ ನಾಲ್ಕಕ್ಕೆ ಮುಗಿಸಲಿ. ಇದು ಬಾಯಿಮಾತಲ್ಲಿದ್ದರೆ ಯಾರೂ ನಾಲ್ಕಕ್ಕೆ ಏಳೋದಿಲ್ಲ, ಬರವಣಿಗೆಯಲ್ಲಿ ಇರಬೇಕು.

ಈ ಆಯ್ಕೆಯಲ್ಲಿ ಬಹಳ ಜನ ಎಡವೋದು ಒಂದೇ ಕಡೆ, ವಾರದ ದಿನಗಳಲ್ಲಿ. ನಮ್ಮ ಸೋಮವಾರ ಬೆಳಗ್ಗೆ ಅವರಿಗೆ ಭಾನುವಾರ ಸಂಜೆ. ಅವರ ಶುಕ್ರವಾರ ಸಂಜೆ ನಮಗೆ ಶನಿವಾರ. ಎರಡೂ ಹೋಗಿ ಉಳಿಯೋದು ನಾಲ್ಕೇ ದಿನ, ನಮಗೆ ಮಂಗಳವಾರದಿಂದ ಶುಕ್ರವಾರ, ಅವರಿಗೆ ಸೋಮವಾರದಿಂದ ಗುರುವಾರ. ರಜೆಗಳೂ ಒಂದು ದಿನ ಸರಿಯುತ್ತವೆ. ಥ್ಯಾಂಕ್ಸ್‌ಗಿವಿಂಗ್ ನವೆಂಬರ್‌ನ ನಾಲ್ಕನೇ ಗುರುವಾರ, ಅದರಿಂದ ನಮ್ಮ ಶುಕ್ರವಾರದ ಓವರ್‌ಲ್ಯಾಪ್ ಹೋಗುತ್ತದೆ. ನಮ್ಮ ಹಬ್ಬ ಬುಧವಾರ ಬಂದರೆ ಅವರ ಮಂಗಳವಾರ ಸಂಜೆ ಖಾಲಿ. ರಜೆ ಪಟ್ಟಿಯಲ್ಲಿ ಎರಡೂ ಊರಿನ ತಾರೀಕು ಪಕ್ಕಪಕ್ಕ ಬರೆಯದಿದ್ದರೆ ಒಬ್ಬರು ಖಾಲಿ ಕಾಲ್‌ನಲ್ಲಿ ಕಾಯುತ್ತಾ ಕೂತಿರುತ್ತಾರೆ.

ನಮ್ಮ ಉದಾಹರಣೆಯ ತಂಡಕ್ಕೆ ನಾನು ಇದನ್ನೇ ಆರಿಸುತ್ತೇನೆ. ಕೆಲಸ ಸಿಯಾಟಲ್‌ನಿಂದ ಇಲ್ಲಿಗೆ ಹರಿಯುತ್ತದೆ, ಕಾಯೋದು ಇಲ್ಲಿಯವರು, ಗಾಡಿಯ ಖರ್ಚಿಲ್ಲ. ಒಂದು ದಿನ ಕಳೆದುಕೊಂಡರೂ ನಾಲ್ಕು ದಿನ ಒಂದೂವರೆ ಗಂಟೆ ಅಂದರೆ ವಾರಕ್ಕೆ ಆರು ಗಂಟೆ. ಒಂಬತ್ತು ಜನರ ತಂಡಕ್ಕೆ ಅದು ಧಾರಾಳ.

ಅದಲು ಬದಲು

ಎಲ್ಲರಿಗೂ ಸಮ ಆಗಲಿ ಅಂತ ಹುಟ್ಟುವ ಆಯ್ಕೆ ಇದು. ವಾರ ವಾರ ಬದಲಾಯಿಸೋದನ್ನು ಮಾತ್ರ ಖಂಡಿತ ಬೇಡ ಅನ್ನುತ್ತೇನೆ. ನಿದ್ದೆಯೂ ಹೊಂದಿಕೊಳ್ಳೋದಿಲ್ಲ, ಸ್ಕೂಲ್ ವ್ಯಾನು, ಮನೆಗೆಲಸದವರ ಹೊತ್ತು ಯಾವುದೂ ಹೊಂದಿಕೊಳ್ಳೋದಿಲ್ಲ. ಮಾಡಲೇಬೇಕು ಅಂದರೆ ಸಿಯಾಟಲ್‌ನ ಗಡಿಯಾರ ಬದಲಾಗುವ ದಿನಗಳಲ್ಲೇ ಬದಲಾಯಿಸಿ. ನವೆಂಬರ್‌ನಿಂದ ಮಾರ್ಚ್ ತನಕ ಬೆಳಗ್ಗೆ, ಮಾರ್ಚ್‌ನಿಂದ ನವೆಂಬರ್ ತನಕ ರಾತ್ರಿ. ಚಳಿಗಾಲದಲ್ಲಿ ಬೆಳಗ್ಗೆ ಇಬ್ಬರಿಗೂ ಸಲೀಸು, ಬೇಸಿಗೆ ಸಮಯದಲ್ಲಿ ರಾತ್ರಿ 8:30ಕ್ಕೇ ಶುರುವಾಗುತ್ತದೆ. ಗಡಿಯಾರದ ದೃಷ್ಟಿಯಿಂದ ಇದು ಜಾಣ ಏರ್ಪಾಡು. ಮಲೆನಾಡಿನ ದೃಷ್ಟಿಯಿಂದ ಒಂದು ಕೊರತೆ ಇದೆ: ಗುಡುಗು ಮಳೆ, ಮಳೆಗಾಲ ಎರಡೂ ರಾತ್ರಿಯ ಪಾಳಿಗೇ ಬೀಳುತ್ತವೆ. ಎಲ್ಲರೂ ಶಿವಮೊಗ್ಗ ಪೇಟೆಯ ಆಫೀಸಿನಲ್ಲೇ ಇದ್ದು, ಅಲ್ಲಿ ಜನರೇಟರ್ ಇದ್ದರೆ ಧೈರ್ಯ ಮಾಡಬಹುದು. ಹಳ್ಳಿ ಮನೆಯಿಂದ ಕೆಲಸ ಮಾಡುವವರಿದ್ದರೆ ಬೇಡ.

ವಾರಕ್ಕೆ ಎರಡೇ ದಿನ

ಕೈಯಲ್ಲಿ ದುಡ್ಡು ಕಡಿಮೆ, ತಂಡ ಚಿಕ್ಕದು, ಕೆಲಸ ಮೊದಲೇ ಸರಿಯಾಗಿ ಬರೆದಿಟ್ಟಿರುತ್ತದೆ ಅಂದರೆ ಇದನ್ನು ಗಂಭೀರವಾಗಿ ಯೋಚಿಸಿ. ಮಂಗಳವಾರ ಮತ್ತು ಗುರುವಾರ ಬೆಳಗ್ಗೆ ಮಾತ್ರ ಒಟ್ಟಿಗೆ ಕೂರೋದು. ಉಳಿದ ದಿನ ಕೆಲಸ ಮುಗಿಸುವ ಮೊದಲು ಪ್ರತಿಯೊಬ್ಬರೂ ನಾಲ್ಕು ಸಾಲು ಬರೆದಿಡೋದು: ಏನು ಮುಗಿಯಿತು, ಎಲ್ಲಿ ನಿಂತಿದೆ, ಯಾರಿಂದ ಏನು ಬೇಕು, ಉತ್ತರ ಬರದಿದ್ದರೆ ನಾನು ಯಾವುದನ್ನು ಸರಿ ಅಂದುಕೊಂಡು ಮುಂದುವರಿಯುತ್ತೇನೆ. ಕೊನೆಯ ಸಾಲು ಇಲ್ಲದಿದ್ದರೆ ಈ ಆಯ್ಕೆ ಕೆಲಸ ಮಾಡೋದಿಲ್ಲ. "ರಿಯಾಯಿತಿಯನ್ನು ತೆರಿಗೆಗೆ ಮೊದಲು ಕಳೆಯುತ್ತೇನೆ, ಬೇಡ ಅಂದರೆ ನಾಳೆ ಬದಲಾಯಿಸುತ್ತೇನೆ" ಅಂತ ಬರೆದವರು ನಿಲ್ಲೋದಿಲ್ಲ. ಹೊಸಬರು ಜಾಸ್ತಿ ಇರುವ ತಂಡಕ್ಕೆ ಇದು ಆಗೋದಿಲ್ಲ. ಅವರಿಗೆ ಕೇಳಲು ಮನುಷ್ಯರು ಬೇಕು.

ಅಂದಹಾಗೆ, ನಿಮ್ಮ ಇನ್ನರ್ಧ ತಂಡ ನ್ಯೂಯಾರ್ಕ್‌ನಲ್ಲಿದ್ದರೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಡಿ. ಅಲ್ಲಿಗೆ ಅಂತರ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ. ನಮ್ಮ ಸಂಜೆ 6:30 ಅವರ ಬೆಳಗ್ಗೆ 9, ಚಳಿಗಾಲದಲ್ಲಿ 8. ಸಂಜೆಯೇ ಸರಿ. ಲಂಡನ್ ಆದರೆ ನಮ್ಮ ಮಧ್ಯಾಹ್ನದಲ್ಲೇ ಎಲ್ಲಾ ಮುಗಿಯುತ್ತದೆ.

ಪಾಲಿಸಿಯಲ್ಲಿ ಹೇಗೆ ಬರೆಯೋದು

ಆಯ್ಕೆ ಯಾವುದೇ ಆಗಲಿ, ಹೊತ್ತು ಯಾವ ಊರಿನ ಗಡಿಯಾರಕ್ಕೆ ಸೇರಿದ್ದು ಅಂತ ಬರೆಯದಿದ್ದರೆ ಮಾರ್ಚ್ ಮತ್ತು ನವೆಂಬರ್‌ನಲ್ಲಿ ಗಲಾಟೆ ಖಚಿತ. ಇದು ಬರೀ ತಾಂತ್ರಿಕ ವಿಷಯ ಅಲ್ಲ. ಯಾರ ಗಡಿಯಾರಕ್ಕೆ ಕಟ್ಟುತ್ತೀರೋ ಅವರ ದಿನಚರಿ ಭದ್ರ, ಇನ್ನೊಬ್ಬರದ್ದು ವರ್ಷಕ್ಕೆ ಎರಡು ಸಲ ಒಂದು ಗಂಟೆ ಅಲುಗಾಡುತ್ತದೆ. ಬೆಳಗಿನ ಆಯ್ಕೆಯನ್ನು ಶಿವಮೊಗ್ಗದ ಗಡಿಯಾರಕ್ಕೆ ಕಟ್ಟಿ ಅನ್ನುತ್ತೇನೆ. ಚಳಿಗಾಲದ ಬದಲಾವಣೆ ಸಿಯಾಟಲ್‌ನವರಿಗೆ ಒಂದು ಗಂಟೆ ಬೇಗ ಬಿಡುಗಡೆ ಕೊಡುತ್ತದೆ, ಅವರಿಗೇ ಅನುಕೂಲ. ಸಿಯಾಟಲ್‌ಗೆ ಕಟ್ಟಿದರೆ ಚಳಿಗಾಲದಲ್ಲಿ ನಮ್ಮದು 8ರಿಂದ 9:30 ಆಗಿ ಸ್ಕೂಲ್ ವ್ಯಾನಿನ ಹೊತ್ತಿಗೇ ಬಂದು ಕೂರುತ್ತದೆ.

ಕ್ಯಾಲೆಂಡರ್‌ನಲ್ಲೂ ಅದೇ ಇರಬೇಕು. ಮೀಟಿಂಗ್ ಹಾಕುವಾಗ ಸಮಯ ವಲಯವನ್ನು `Asia/Kolkata` ಅಂತಲೇ ಆರಿಸಿ. ಸಿಯಾಟಲ್‌ನವರು ಅವರ ವಲಯ `America/Los_Angeles`ನಲ್ಲಿ ಹಾಕಿದರೆ ನವೆಂಬರ್ 1 ಆದಮೇಲೆ ನಮ್ಮ ಮೀಟಿಂಗ್ ತಾನೇ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಪಿಎಸ್‌ಟಿ ಅಂತ ಬರೆಯೋದನ್ನು ಬಿಟ್ಟು ಊರಿನ ಹೆಸರು ಬರೆಯಿರಿ. ಪಿಎಸ್‌ಟಿ ಅಂದರೆ ಚಳಿಗಾಲದ ಸಮಯ ಮಾತ್ರ, ಜುಲೈನಲ್ಲಿ ಹಾಗೆ ಬರೆದರೆ ಒಂದು ಗಂಟೆ ತಪ್ಪು. ಐಎಸ್‌ಟಿ ಅನ್ನೋದು ಇಸ್ರೇಲ್‌ಗೂ ಐರ್ಲೆಂಡ್‌ಗೂ ಬಳಕೆಯಲ್ಲಿದೆ. ಅನುಮಾನ ಬಂದರೆ ಲಿನಕ್ಸ್‌ನಲ್ಲಿ ಹೀಗೆ ನೋಡಬಹುದು:

```
TZ=America/Los_Angeles date -d 'TZ="Asia/Kolkata" 2026-11-03 07:00'
```

ನಮ್ಮ ನವೆಂಬರ್ 3ರ ಬೆಳಗ್ಗೆ 7 ಅಲ್ಲಿ ನವೆಂಬರ್ 2ರ ಸಂಜೆ 5:30 ಅಂತ ಬರುತ್ತದೆ. ಅದೇ ಅಕ್ಟೋಬರ್ 27 ಹಾಕಿದರೆ ಅಕ್ಟೋಬರ್ 26ರ 6:30.

ನಮ್ಮ ತಂಡದ ಪಾಲಿಸಿ ಇಷ್ಟೇ ಉದ್ದ ಸಾಕು:

> ಒಟ್ಟಿಗೆ ಇರಬೇಕಾದ ಹೊತ್ತು ಶಿವಮೊಗ್ಗದ ಗಡಿಯಾರದಲ್ಲಿ ಮಂಗಳವಾರದಿಂದ ಶುಕ್ರವಾರ, ಬೆಳಗ್ಗೆ 7ರಿಂದ 8:30. ಸಿಯಾಟಲ್‌ನಲ್ಲಿ ಇದು ಸೋಮವಾರದಿಂದ ಗುರುವಾರ ಸಂಜೆ 6:30ರಿಂದ 8, ಅಲ್ಲಿನ ಗಡಿಯಾರ ಹಿಂದಿಟ್ಟ ಮೇಲೆ 5:30ರಿಂದ 7. ಈ ಹೊತ್ತಿನಲ್ಲಿ ಎಲ್ಲರೂ ಕರೆದರೆ ಸಿಗಬೇಕು, ಎಲ್ಲರೂ ಮೀಟಿಂಗ್‌ನಲ್ಲೇ ಇರಬೇಕಿಲ್ಲ. ಈ ಒಂದೂವರೆ ಗಂಟೆ ದಿನದ ಎಂಟು ಗಂಟೆಯ ಒಳಗೇ ಸೇರಿದೆ. ಇದರ ಹೊರಗೆ ಕಳಿಸಿದ ಸಂದೇಶಕ್ಕೆ ಅವರವರ ಮರುದಿನ ಉತ್ತರ ಸಾಕು. ತುರ್ತು ಆದರೆ ಫೋನ್ ಮಾಡಬೇಕು. ಒಂದು ದಿನದ ಕೆಲಸ ಮುಗಿಸಿ ಮರುದಿನದ್ದು ಶುರು ಮಾಡುವ ನಡುವೆ ಹನ್ನೆರಡು ಗಂಟೆಗಳ ಬಿಡುವಿರಬೇಕು. ಶಿವಮೊಗ್ಗ ಕಡೆ ಕರೆಂಟು ಅಥವಾ ನೆಟ್ ಹೋದರೆ ಗುಂಪಿಗೆ ಒಂದು ಎಸ್ಸೆಮ್ಮೆಸ್ ಸಾಕು, ರಜೆ ಕಡಿತವಿಲ್ಲ.

ಆ ಹನ್ನೆರಡು ಗಂಟೆಯ ಬಿಡುವಿನಿಂದ ಸಿಯಾಟಲ್‌ನವರಿಗೂ ಉಪಯೋಗ ಇದೆ. ರಾತ್ರಿ 8ಕ್ಕೆ ಮುಗಿಸಿದವರನ್ನು ಮರುದಿನ ಬೆಳಗ್ಗೆ 8ಕ್ಕೆ ಮುಂಚೆ ಯಾರೂ ಕರೆಯುವಂತಿಲ್ಲ.

ಕೊನೆಯ ಸಾಲಿನ ಜೊತೆಗೆ ಸ್ವಲ್ಪ ದುಡ್ಡೂ ಇಡಿ. ಮನೆಯಿಂದ ಕೆಲಸ ಮಾಡುವವರ ರೂಟರ್‌ಗೆ 12 ವೋಲ್ಟ್‌ನ ಚಿಕ್ಕ ಯುಪಿಎಸ್ ಕೊಡಿಸಿ, ಒಂದೆರಡು ಸಾವಿರ ರೂಪಾಯಿಯ ಮಾತು. ಎರಡನೇ ನೆಟ್ ಮೊಬೈಲ್‌ನದ್ದಾಗಿರಲಿ, ಬೇರೆ ಕಂಪನಿಯದ್ದಾಗಿರಲಿ. ಇಡೀ ದಿನ ಕರೆಂಟಿಲ್ಲದಿದ್ದರೆ ಟವರ್‌ನ ಬ್ಯಾಟರಿಯೂ ಇಳಿಯುತ್ತದೆ, ಆಗ ಎಸ್ಸೆಮ್ಮೆಸ್ ಕೂಡ ಹೋಗೋದಿಲ್ಲ. ಅಂಥ ದಿನ ಕೆಲಸ ಯಾರ ಕೈಗೆ ಹೋಗಬೇಕು ಅಂತ ಮೇ ಮುಗಿಯುವ ಮೊದಲೇ ಹೆಸರು ಬರೆದಿಡಿ.

ಪಾಲಿಸಿ ಹೊರಟ ಆರು ವಾರಕ್ಕೆ ಮತ್ತೆ ಅದೇ ಟಿಕೆಟ್ ಪಟ್ಟಿ ತೆಗೆಯಿರಿ. ಒಂದು ದಿನಕ್ಕಿಂತ ಜಾಸ್ತಿ ಕಾದವು ಕಡಿಮೆಯಾಗದಿದ್ದರೆ ಎರಡರಲ್ಲಿ ಒಂದು ಕಾರಣ ಇರುತ್ತದೆ. ಓವರ್‌ಲ್ಯಾಪ್ ಪೂರ್ತಿ ವರದಿ ಒಪ್ಪಿಸುವ ಮೀಟಿಂಗ್‌ಗಳಿಂದ ತುಂಬಿಹೋಗಿದ್ದು, ಅನುಮಾನ ಕೇಳಲು ಜಾಗವೇ ಇಲ್ಲದಿರಬಹುದು. ಹಾಗಿದ್ದರೆ ವರದಿಯನ್ನು ಬರವಣಿಗೆಗೆ ಹಾಕಿ, ಹೊತ್ತು ಬದಲಾಯಿಸಬೇಡಿ. ಅಥವಾ ಈಗ ಕಾಯುತ್ತಿರುವವರು ಸಿಯಾಟಲ್‌ನವರಾಗಿರಬಹುದು. ಆಗ ಕೆಲಸದ ಹರಿವು ತಿರುಗಿದೆ ಅಂತ ಅರ್ಥ. ವಾರದಲ್ಲಿ ಒಂದು ದಿನ, ಸೋಮವಾರ ರಾತ್ರಿ 8:30ಕ್ಕೆ, ಮುಕ್ಕಾಲು ಗಂಟೆ ಸೇರಿಸಿ ನೋಡಿ. ಬೆಳಗಿನ ಆಯ್ಕೆಯಲ್ಲಿ ಕಳೆದುಹೋಗಿದ್ದ ಸೋಮವಾರವೂ ಅದರಿಂದ ಸಿಗುತ್ತದೆ. ಹನ್ನೆರಡು ಗಂಟೆಯ ನಿಯಮ ಇರುವುದರಿಂದ, ಅಂದು ರಾತ್ರಿ ಕೂತವರು ಮಂಗಳವಾರ ಬೆಳಗ್ಗೆ ಏಳಕ್ಕೆ ಬರಬೇಕಿಲ್ಲ ಅಂತಲೂ ಪಾಲಿಸಿಯಲ್ಲಿ ಸೇರಿಸಿ.